ಮಿಲ್ಲು, ಗೋದಾಮು, ಮಂಡಿ, ಅಳಿಯನ ಕಂಪನಿ: ಇದರಲ್ಲಿ ಮನೆಯವರ ಪಾಲು ನಿಜವಾಗಿ ಎಷ್ಟು?

ಮಂಡಿಪೇಟೆ ಲೆಕ್ಕ

ಎಲ್ಲರಿಗೂ ನಮಸ್ಕಾರ. ದಾವಣಗೆರೆಯ ಒಂದು ಹತ್ತಿ ಮಿಲ್ಲಿನ ಆಫೀಸಿನಲ್ಲಿ ಹನ್ನೊಂದು ವರ್ಷದಿಂದ ಲೆಕ್ಕ ಬರೆಯುತ್ತಿದ್ದೇನೆ. ನಮ್ಮ ಬ್ಯಾಂಕ್ ಸಾಲದ ಸಿ.ಸಿ. ಲಿಮಿಟ್ ರಿನ್ಯೂವಲ್‌ಗೆ ಬಂದಿದೆ. ಸಿಸ್ಟರ್ ಕನ್ಸರ್ನ್‌ಗಳ ಪಟ್ಟಿ ಕೊಡಿ, ಯಾರ ಪಾಲು ಎಷ್ಟು ಅಂತ ಬರೆಯಿರಿ ಎಂದು ಬ್ಯಾಂಕಿನವರು ಕೇಳಿದರು. ನಾನು ಯಜಮಾನರ ಮನೆಗೆ ಸೇರಿದ್ದನ್ನೆಲ್ಲ ಒಂದೇ ಹಾಳೆಯಲ್ಲಿ ಬರೆದುಕೊಟ್ಟೆ. ಆಫೀಸರ್ ಮೇಡಂ ಅದನ್ನು ವಾಪಸ್ ಕಳಿಸಿದರು. ಮೇಲೆ ಪೆನ್ಸಿಲ್‌ನಲ್ಲಿ 'ಯಾರು ಯಾರಿಗೆ ಏನು?' ಅಂತ ಬರೆದಿದ್ದರು.

ವಿಷಯ ಹೀಗಿದೆ. ಮಿಲ್ಲು ಪ್ರೈವೇಟ್ ಲಿಮಿಟೆಡ್. ಅದರ ಶೇರಿನಲ್ಲಿ 40% ಮನೆಯವರ ಹೆಸರಿನಲ್ಲಿದೆ, 30% ನಮ್ಮದೇ ಗೋದಾಮು ಕಂಪನಿಯ ಹೆಸರಿನಲ್ಲಿದೆ. ಉಳಿದ 30% ಹಳೇ ಪಾಲುದಾರರ ಮಕ್ಕಳದು, ಅವರು ಹೊರಗಿನವರು. ಗೋದಾಮು ಕಂಪನಿಯಲ್ಲಿ ಮನೆಯವರದು 50%, ಮಿಲ್ಲಿನದು 40%, ಯಜಮಾನರ ಸ್ನೇಹಿತರೊಬ್ಬರದು 10%. ಎಪಿಎಂಸಿ ಯಾರ್ಡಿನಲ್ಲಿ ಒಂದು ಮಂಡಿ ಇದೆ, ಅದು ಇಬ್ಬರು ಮಕ್ಕಳ ಪಾರ್ಟ್ನರ್‌ಶಿಪ್. ಚಿತ್ರದುರ್ಗದಲ್ಲಿ ಅಳಿಯಂದಿರ ಪೈಪ್ ಕಂಪನಿ ಇದೆ. ಅದರಲ್ಲಿ ಮಗಳದು 30%, ಅಳಿಯನದು 70%.

ಮಿಲ್ಲಿನಲ್ಲಿ ಮನೆಯವರ ಪಾಲು ಅಂತ 40 ಬರೀಬೇಕಾ, 70 ಬರೀಬೇಕಾ? ಇವುಗಳಲ್ಲಿ ಯಾವುದನ್ನು ಗ್ರೂಪ್ ಕಂಪನಿ ಅನ್ನಬೇಕು? ಎರಡು ದಿನದಿಂದ ತಲೆ ಓಡುತ್ತಿಲ್ಲ.

ಬೆಣ್ಣೆನಗರಿ

ಇದರಲ್ಲಿ ಅಷ್ಟು ತಲೆ ಕೆಡಿಸಿಕೊಳ್ಳೋದು ಏನಿದೆ ಅಣ್ಣ? ಗೋದಾಮು ಮನೆಯವರದೇ ಅಲ್ವಾ? ಹಾಗಾದರೆ 40 ಮತ್ತು 30 ಸೇರಿಸಿ 70% ಅಂತ ಬರೆಯಿರಿ. ಗ್ರೂಪ್ ಯಾವುದು ಅಂತ ನೋಡೋಕೆ ವಿಳಾಸ ನೋಡಿದರೆ ಸಾಕು. ಒಂದೇ ರಿಜಿಸ್ಟರ್ಡ್ ಆಫೀಸ್, ಅದೇ ಡೈರೆಕ್ಟರುಗಳು ಇದ್ದರೆ ಅದು ಗ್ರೂಪ್ ಕಂಪನಿ. ನಮ್ಮ ಆಫೀಸಿನಲ್ಲಿ ಹಾಗೇ ಮಾಡ್ತೀವಿ, ಇವತ್ತಿನವರೆಗೆ ಯಾರೂ ಕೇಳಿಲ್ಲ.

ಚಳ್ಳಕೆರೆ ಶೇಂಗಾ

ವಿಳಾಸ ನಂಬಬೇಡಿ ಅಂತ ಹೇಳೋಕೆ ಬಂದೆ. ನನಗೆ ಪೆಟ್ಟು ಬಿದ್ದಿದ್ದು ಅಲ್ಲೇ. ಒಂದು ದೊಡ್ಡ ಮನೆತನದ ಕಂಪನಿಗೆ ಅಂತ ತಿಳಿದು ಎರಡು ಲಾರಿ ಶೇಂಗಾ ಕಳಿಸಿದೆ. ಗೇಟಿನ ಮೇಲೆ ಮನೆತನದ ಹೆಸರು, ಒಳಗೆ ಅದೇ ಹಿರಿಯರ ಫೋಟೋ. ದುಡ್ಡು ಬರಲಿಲ್ಲ. ಹೋಗಿ ಕೇಳಿದರೆ 'ನೀವು ಮಾಲು ಕೊಟ್ಟಿರೋದು ಚಿಕ್ಕವರ ಕಂಪನಿಗೆ, ನಮಗೂ ಅದಕ್ಕೂ ಸಂಬಂಧ ಇಲ್ಲ' ಅಂದರು. ಬಿಲ್ಲು ತೆಗೆದು ನೋಡಿದರೆ ಹೌದು, ಹೆಸರಿನ ಕೊನೆಯಲ್ಲಿ ಒಂದು ಪದ ಬೇರೆ ಇತ್ತು. ಜಿಎಸ್‌ಟಿ ನಂಬರೂ ಬೇರೆ. ವಕೀಲರು ಒಂದೇ ಪ್ರಶ್ನೆ ಕೇಳಿದರು: ದೊಡ್ಡ ಕಂಪನಿ ಎಲ್ಲಾದರೂ ಗ್ಯಾರಂಟಿ ಬರೆದುಕೊಟ್ಟಿದೆಯಾ? ಇಲ್ಲ ಅಂದೆ. ಹಾಗಾದರೆ ಚಿಕ್ಕ ಕಂಪನಿಯ ಹತ್ತಿರ ಇದ್ದಷ್ಟೇ ನಿಮಗೆ ಸಿಗೋದು ಅಂದರು.

ಜೋಗಿಮಟ್ಟಿ

ಶೇಂಗಾ ಅಣ್ಣ ಹೇಳಿದ್ದು ಸರಿಯಾಗಿದೆ. ಲೆಕ್ಕದವರು ಅದನ್ನೇ ಮೊದಲು ತಲೆಯಲ್ಲಿ ಇಟ್ಟುಕೊಳ್ಳಬೇಕು. ವಿಳಾಸ, ಫೋಟೋ, ಮನೆತನದ ಹೆಸರು ಎಲ್ಲ ಬರೀ ಸುಳಿವು. ಅವನ್ನು ಹಿಡಿದು ಹುಡುಕಬಹುದು, ಅಷ್ಟೇ. ಪಾಲು ಇರೋದು ಮೆಂಬರ್ಸ್ ರಿಜಿಸ್ಟರ್‌ನಲ್ಲಿ.

ಕಂಪನಿ ಸೆಕ್ರೆಟರಿ ಆಫೀಸಿನಲ್ಲಿ ಇಪ್ಪತ್ತೆರಡು ವರ್ಷ ಇದ್ದೆ. ನಾನು ಮಾಡುತ್ತಿದ್ದ ರೀತಿ ಹೇಳ್ತೀನಿ. ಪ್ರತಿ ಹೆಸರಿಗೂ ಎರಡು ಹಾಳೆ ಇಡಿ. ಮೊದಲನೆಯದರಲ್ಲಿ ಈ ಕಂಪನಿಯ ಶೇರು ಯಾರ ಯಾರ ಹತ್ತಿರ ಇದೆ ಅಂತ ಬರೆಯಿರಿ. ಅದು ನಿಮ್ಮ ಮೆಂಬರ್ಸ್ ರಿಜಿಸ್ಟರ್‌ನಲ್ಲಿ ಸಿಗುತ್ತದೆ, ಸರ್ಕಾರದ ಎಂಸಿಎ ಪೋರ್ಟಲ್‌ಗೆ ಹಾಕಿದ MGT-7 ವಾರ್ಷಿಕ ರಿಟರ್ನ್‌ನಲ್ಲೂ ಇರುತ್ತದೆ. ಎರಡನೆಯದರಲ್ಲಿ ಈ ಕಂಪನಿ ಯಾರ ಯಾರ ಶೇರು ಇಟ್ಟುಕೊಂಡಿದೆ ಅಂತ ಬರೆಯಿರಿ. ಅದು ಬ್ಯಾಲೆನ್ಸ್ ಶೀಟಿನ ಹಿಂದೆ ಇನ್ವೆಸ್ಟ್‌ಮೆಂಟ್ ನೋಟ್‌ನಲ್ಲಿ ಇರುತ್ತದೆ. ಜಾಸ್ತಿ ಜನ ಮೊದಲ ಹಾಳೆ ಮಾತ್ರ ನೋಡ್ತಾರೆ. ಅಡ್ಡ ಹಿಡುವಳಿ ತಪ್ಪಿಹೋಗೋದು ಅದಕ್ಕೇ. ಒಂದೇ ಹೆಸರು ಎರಡೂ ಹಾಳೆಯಲ್ಲಿ ಬಂದರೆ ಅಲ್ಲಿ ಕ್ರಾಸ್ ಹೋಲ್ಡಿಂಗ್ ಇದೆ. ನಿಮ್ಮ ಮಿಲ್ಲಿನ ಎರಡೂ ಹಾಳೆಯಲ್ಲಿ ಗೋದಾಮು ಬರುತ್ತದೆ, ನೋಡಿ.

ಈಗ ನಿಮ್ಮ ನಾಲ್ಕು ಹೆಸರಿಗೆ ಬರೋಣ. ಯಜಮಾನರು, ಅವರ ಹೆಂಡತಿ, ಮಕ್ಕಳು, ಅವರ ಎಚ್‌ಯುಎಫ್ ಇಟ್ಟುಕೊಂಡ ಶೇರು ಮನೆಯವರ ಪಾಲು. ಅದು ಕಂಪನಿಯ ಆಸ್ತಿ ಅಲ್ಲ, ಯಾವ ಕಂಪನಿಯ ಬ್ಯಾಲೆನ್ಸ್ ಶೀಟಿನಲ್ಲೂ ಆಸ್ತಿ ಅಂತ ಬರೋದಿಲ್ಲ. ಮಿಲ್ಲು ಗೋದಾಮಿನಲ್ಲಿ ಇಟ್ಟಿರುವ 40% ಮಾತ್ರ ಮಿಲ್ಲಿನ ಆಸ್ತಿ. 20% ದಾಟಿರುವುದರಿಂದ ಗೋದಾಮು ಮಿಲ್ಲಿಗೆ ಅಸೋಸಿಯೇಟ್ ಕಂಪನಿ ಆಗುತ್ತದೆ. ಅರ್ಧಕ್ಕಿಂತ ಜಾಸ್ತಿ ಇಲ್ಲ, ಬೋರ್ಡನ್ನು ಮಿಲ್ಲು ನೇಮಿಸೋದೂ ಇಲ್ಲ ಅಂದರೆ ಅದು ಮಿಲ್ಲಿನ ಹಿಡಿತದಲ್ಲಿರುವ ಮಗು ಕಂಪನಿ, ಅಂದರೆ ಸಬ್ಸಿಡಿಯರಿ ಅಲ್ಲ. ಗೋದಾಮಿಗೆ ಮಿಲ್ಲಿನಲ್ಲಿ 30% ಇದೆಯಲ್ಲ, ಹಾಗಾಗಿ ಮಿಲ್ಲೂ ಗೋದಾಮಿಗೆ ಅಸೋಸಿಯೇಟ್. ಮಂಡಿ ಕಂಪನಿಯೇ ಅಲ್ಲ, ಎಂಸಿಎಯಲ್ಲಿ ಹುಡುಕಿದರೆ ಸಿಗೋದಿಲ್ಲ. ಆದರೆ ಸಾಲ ಕೊಡೋ ಬ್ಯಾಂಕಿಗೆ ಅದೂ ಬೇಕು. ಅದನ್ನು ಫರ್ಮ್ ಅಂತ ಬೇರೆ ಬರೆಯಿರಿ.

70% ಅನ್ನೋದು ತಪ್ಪು. ಲೆಕ್ಕ ನಾಳೆ ಹಾಕಿ ತೋರಿಸ್ತೀನಿ.

ಕೆರೆ ಏರಿ

ನಂದೊಂದು ಪ್ರಶ್ನೆ. ನಮ್ಮಪ್ಪನ ಹೆಸರಿನಲ್ಲಿ ಒಂದು ಕಂಪನಿಯ 20% ಶೇರು ಇದೆ. ಆ ಕಂಪನಿ ಹೆಸರಿನಲ್ಲಿ ಹೈವೇ ಪಕ್ಕ ಐದು ಎಕರೆ ಇದೆ. ಹಾಗಾದರೆ ಒಂದು ಎಕರೆ ನಮ್ಮ ಪಾಲು ಅಂತ ಪಹಣಿಗೆ ಹಾಕಿಸಬಹುದಾ? ಇಲ್ಲಿ ಪಾಲಿನ ಮಾತು ನಡೀತಿದೆ ಅಂತ ಕೇಳಿದೆ.

ಜೋಗಿಮಟ್ಟಿ

ಆಗೋದಿಲ್ಲ ತಮ್ಮ. ಜಮೀನು ಕಂಪನಿಯದು, ಅಪ್ಪನದು ಶೇರು ಮಾತ್ರ. ಶೇರುದಾರನಿಗೆ ಕಂಪನಿಯ ಆಸ್ತಿಯಲ್ಲಿ ನೇರ ಹಕ್ಕು ಇಲ್ಲ ಅಂತ 1954ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಡಿವಿಡೆಂಡ್ ಕೊಟ್ಟರೆ ಅದು ಬರುತ್ತದೆ. ಕಂಪನಿ ಮುಚ್ಚಿದರೆ ಸಾಲವೆಲ್ಲ ತೀರಿದ ಮೇಲೆ ಉಳಿದದ್ದರಲ್ಲಿ ಪಾಲು ಬರುತ್ತದೆ.

ಜೋಗಿಮಟ್ಟಿ

ಲೆಕ್ಕದವರೇ, ಇಲ್ಲಿ ನೋಡಿ. ಮಿಲ್ಲಿನಲ್ಲಿ ಮನೆಯವರ ನಿಜವಾದ ಪಾಲನ್ನು 'ಮಿ' ಅನ್ನೋಣ, ಗೋದಾಮಿನಲ್ಲಿರುವುದನ್ನು 'ಗೋ' ಅನ್ನೋಣ. ಮಿಲ್ಲಿನಲ್ಲಿ ಮನೆಯವರಿಗೆ ನೇರವಾಗಿ 40 ಇದೆ. ಗೋದಾಮಿನ ಹೆಸರಿನಲ್ಲಿರುವ 30ರಲ್ಲಿ, ಗೋದಾಮು ಎಷ್ಟು ಮನೆಯವರದೋ ಅಷ್ಟು ಮಾತ್ರ ಸೇರುತ್ತದೆ. ಗೋದಾಮಿನ ಕಥೆಯೂ ಹಾಗೇ.

```
ಮಿ = 40 + 0.30 × ಗೋ
ಗೋ = 50 + 0.40 × ಮಿ

ಮಿ = 40 + 15 + 0.12 × ಮಿ
0.88 × ಮಿ = 55
ಮಿ = 62.5      ಗೋ = 75
```

ಬೆಣ್ಣೆನಗರಿ ತಮ್ಮ 30ನ್ನು ಪೂರ್ತಿ ಸೇರಿಸಿದರು. ಹಾಗೆ ಮಾಡಿದರೆ ಯಜಮಾನರ ಸ್ನೇಹಿತರ 10% ಮನೆಯವರ ಜೇಬಿಗೆ ಹೋಯಿತು. ಗೋದಾಮಿನಲ್ಲಿ ಮಿಲ್ಲಿನ ಪಾಲಿದೆ, ಆ ಮಿಲ್ಲಿನಲ್ಲಿ ಹೊರಗಿನವರ ಪಾಲಿದೆ. ಅದೂ ಮನೆಯವರ ಲೆಕ್ಕಕ್ಕೆ ಸೇರಿಬಿಟ್ಟಿತು. ಇನ್ನು ಕೆಲವರು 30ರಲ್ಲಿ ಅರ್ಧ ಹಿಡಿದು 55 ಅಂತಾರೆ. ಅದು ಕಡಿಮೆ ಆಯಿತು, ಯಾಕಂದರೆ ಗೋದಾಮಿನಿಂದ ಮಿಲ್ಲಿಗೆ ಬಂದ ಪಾಲು ಮತ್ತೆ ಸುತ್ತು ಹೊಡೆದು ಬರೋದನ್ನು ಅವರು ಹಿಡಿಯಲಿಲ್ಲ. ಹೊರಗಿನವರ ಕಡೆಯಿಂದಲೂ ಇದೇ ಲೆಕ್ಕ ಹಾಕಿ ನೋಡಿ. ಮಿಲ್ಲಿನಲ್ಲಿ 37.5, ಗೋದಾಮಿನಲ್ಲಿ 25 ಬರುತ್ತದೆ. ಕೂಡಿದರೆ ಎರಡೂ ಕಡೆ ನೂರು ಆಗಬೇಕು. ಆಗದಿದ್ದರೆ ಎಲ್ಲೋ ತಪ್ಪಿದೆ ಅಂತ ಅರ್ಥ.

ಬೆಣ್ಣೆನಗರಿ

ಒಪ್ಪಿದೆ ಸರ್. ಆದರೆ ಮೀಟಿಂಗಿನಲ್ಲಿ ಕೈ ಎತ್ತುವಾಗ ಯಜಮಾನರು 70 ಓಟು ಹಾಕ್ತಾರಲ್ಲ? ಗೋದಾಮಿನ ಪರವಾಗಿ ಸಹಿ ಹಾಕೋರೂ ಅವರೇ ತಾನೇ?

ಜೋಗಿಮಟ್ಟಿ

ಅಲ್ಲಿ ನೀವು ಸರಿ. ನಿನ್ನೆ ನಾನು ಅದನ್ನು ಬಿಡಿಸಿ ಹೇಳಬೇಕಿತ್ತು. ಗೋದಾಮಿನಲ್ಲಿ ಮನೆಯವರ 50ಕ್ಕೆ ಮಿಲ್ಲಿನ 40 ಸೇರಿ 90 ಓಟು ಅವರ ಕೈಯಲ್ಲಿದೆ. ಅದರಿಂದ ಗೋದಾಮಿನ 30 ಓಟು ಮಿಲ್ಲಿನ ಮೀಟಿಂಗಿನಲ್ಲಿ ಅವರು ಹೇಳಿದ ಹಾಗೇ ಬೀಳುತ್ತದೆ. ಹಾಗಾಗಿ ಮಿಲ್ಲಿಗೆ ಮೂರು ಅಂಕಿ ಬರೆಯಬೇಕು. ಮನೆಯವರ ಹೆಸರಿನಲ್ಲಿರುವುದು 40. ಲಾಭ ನಷ್ಟದಲ್ಲಿ ಅವರಿಗೆ ಸೇರುವುದು 62.5. ಅವರ ಮಾತು ನಡೆಯುವುದು 70ರಲ್ಲಿ. ಬ್ಯಾಂಕಿನ ಮೇಡಂ ಯಾವುದನ್ನು ಕೇಳಿದರೂ ನಿಮ್ಮ ಹತ್ತಿರ ಉತ್ತರ ಇರುತ್ತದೆ. ಒಂದಕ್ಕೆ ಇನ್ನೊಂದನ್ನು ಮಾತ್ರ ಕೊಡಬೇಡಿ.

ಹರಿಹರ ಸೇತುವೆ

ನಮ್ಮ ತಂದೆ ಕುಮಾರಪಟ್ಟಣದಲ್ಲಿ ಹರಿಹರ ಪಾಲಿಫೈಬರ್ಸ್‌ನಲ್ಲಿ ಕೆಲಸ ಮಾಡಿದವರು. ನನ್ನ ಹತ್ತಿರ ಸ್ವಲ್ಪ ಗ್ರಾಸಿಮ್ ಶೇರು ಇದೆ. ಈ ಚರ್ಚೆ ಓದಿ ಎನ್‌ಎಸ್‌ಇ ಸೈಟಿನಲ್ಲಿ ಗ್ರಾಸಿಮ್‌ನ ಶೇರ್‌ಹೋಲ್ಡಿಂಗ್ ಪ್ಯಾಟರ್ನ್ ತೆಗೆದೆ. ಲಿಸ್ಟ್ ಆದ ಕಂಪನಿಗಳು ಮೂರು ತಿಂಗಳಿಗೊಮ್ಮೆ ಅದನ್ನು ಹಾಕಲೇಬೇಕು. ಪ್ರಮೋಟರ್ ಮತ್ತು ಪ್ರಮೋಟರ್ ಗ್ರೂಪ್ ಅಂತ ಬೇರೆ ಪಟ್ಟಿ ಇತ್ತು. ಅದರಲ್ಲಿ ಕುಮಾರ ಮಂಗಲಂ ಬಿರ್ಲಾ ಅವರ ಸ್ವಂತ ಹೆಸರಿನಲ್ಲಿರುವುದು 1% ಕೂಡ ಇಲ್ಲ! ದೊಡ್ಡ ಪಾಲು ಬಿರ್ಲಾ ಗ್ರೂಪ್ ಹೋಲ್ಡಿಂಗ್ಸ್ ಎಂಬ ಖಾಸಗಿ ಕಂಪನಿಯದು. ಕೆಳಗೆ ಹಿಂಡಾಲ್ಕೋ ಹೆಸರೂ ಇದೆ, ಸುಮಾರು 4%. ಹಿಂಡಾಲ್ಕೋದ ಪಟ್ಟಿ ತೆಗೆದರೆ ಅಲ್ಲಿ ಗ್ರಾಸಿಮ್ ಇದೆ, ಅಲ್ಲೂ 4%ರ ಆಸುಪಾಸು. ಇದೂ ನೀವು ಹೇಳಿದ ಅಡ್ಡ ಹಿಡುವಳಿಯೇ ಅಲ್ವಾ ಸರ್? ಅಲ್ಟ್ರಾಟೆಕ್ ಮಾತ್ರ ಬೇರೆ. ಅದರಲ್ಲಿ ಗ್ರಾಸಿಮ್‌ಗೆ ಅರ್ಧಕ್ಕಿಂತ ಜಾಸ್ತಿ ಇದೆ.

ಇನ್ನೊಂದು ವಿಷಯ. ಬಿರ್ಲಾ ಕಾರ್ಪೊರೇಷನ್ ಕೂಡ ಸಿಮೆಂಟ್ ಮಾಡುತ್ತದೆ. ಅದನ್ನೂ ಇದೇ ಗುಂಪಿನದು ಅಂತ ನಾನು ಇಷ್ಟು ವರ್ಷ ತಿಳಿದಿದ್ದೆ. ಪಟ್ಟಿ ನೋಡಿದರೆ ಅದು ಎಂ.ಪಿ. ಬಿರ್ಲಾ ಗುಂಪು, ಪ್ರಮೋಟರ್‌ಗಳೇ ಬೇರೆ. ನಮ್ಮೂರಿನವರಿಗೆ ಇದು ಹೊಸದೇನಲ್ಲ ಅನ್ನಿ. ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಮುಚ್ಚಿತು. ಕಿರ್ಲೋಸ್ಕರ್ ಹೆಸರಿನ ಬೇರೆ ಕಂಪನಿಗಳು ಇವತ್ತಿಗೂ ನಡೀತಿವೆ. ಆ ಕಾರ್ಖಾನೆಯ ಸೈರನ್ ಕೇಳಿ ಗಡಿಯಾರ ಸರಿ ಮಾಡಿಕೊಳ್ಳುತ್ತಿದ್ದ ಬೀದಿ ನಮ್ಮದು.

ಜೋಗಿಮಟ್ಟಿ

ಚೆನ್ನಾಗಿ ಹಿಡಿದಿದ್ದೀರಿ. ಗ್ರಾಸಿಮ್ ಮತ್ತು ಹಿಂಡಾಲ್ಕೋ ಒಂದಕ್ಕೊಂದು ಸಬ್ಸಿಡಿಯರಿ ಅಲ್ಲ, ಹಾಗಾಗಿ ಪರಸ್ಪರ ಶೇರು ಇಟ್ಟುಕೊಳ್ಳಲು ಅಡ್ಡಿ ಇಲ್ಲ. ಅಲ್ಟ್ರಾಟೆಕ್ ಗ್ರಾಸಿಮ್‌ನ ಸಬ್ಸಿಡಿಯರಿ. ಅದು ಈಗ ಗ್ರಾಸಿಮ್ ಶೇರು ಕೊಳ್ಳುವಂತಿಲ್ಲ. ಕಂಪನಿ ಕಾಯ್ದೆ 2013ರ 19ನೇ ಸೆಕ್ಷನ್ ಅದನ್ನು ತಡೆಯುತ್ತದೆ. ಮಗು ತಾಯಿಯ ಶೇರು ಕೊಳ್ಳಬಾರದು ಅಂತ ನಾವು ಆಫೀಸಿನಲ್ಲಿ ಹೇಳಿಕೊಳ್ಳುತ್ತಿದ್ದೆವು.

ಮಂಡಿಪೇಟೆ ಲೆಕ್ಕ

ಸರ್, ನೀವು 19 ಅಂದಿದ್ದಕ್ಕೆ ಎದೆ ಝಲ್ ಅಂತು. ಗೋದಾಮಿನ ಸ್ನೇಹಿತರು ತಮ್ಮ 10% ಮಾರುತ್ತೇನೆ ಅಂತಿದ್ದಾರೆ. ಯಜಮಾನರು ಅದನ್ನು ಮಿಲ್ಲಿನ ದುಡ್ಡಿನಿಂದ ಕೊಳ್ಳೋಣ, ಜೊತೆಗೆ ಅವರ ಹೆಂಡತಿ, ಅಂದರೆ ನಮ್ಮ ಅಮ್ಮನವರ ಹೆಸರಿನಲ್ಲಿರುವ ಗೋದಾಮಿನ 5% ಅನ್ನೂ ಮಿಲ್ಲಿಗೆ ಹಾಕೋಣ ಅಂತ ಹೋದ ವಾರ ಹೇಳಿದರು. ಆಗ ಮಿಲ್ಲಿಗೆ ಗೋದಾಮಿನಲ್ಲಿ 55% ಆಗುತ್ತದೆ. ಗೋದಾಮಿನ ಹತ್ತಿರ ಇರುವ ಮಿಲ್ಲಿನ 30% ಏನಾಗುತ್ತದೆ?

ಜೋಗಿಮಟ್ಟಿ

ಸದ್ಯ, ಕೊಳ್ಳೋ ಮೊದಲೇ ಕೇಳಿದಿರಿ. 55 ಆದ ದಿನ ಗೋದಾಮು ಮಿಲ್ಲಿನ ಸಬ್ಸಿಡಿಯರಿ ಆಗುತ್ತದೆ. ಮುಂಚೆಯಿಂದ ಇದ್ದ ಶೇರನ್ನು ಗೋದಾಮು ಇಟ್ಟುಕೊಳ್ಳಬಹುದು, ಕಾಯ್ದೆ ಅದಕ್ಕೆ ಅವಕಾಶ ಕೊಟ್ಟಿದೆ. ಆದರೆ ಆ 30ಕ್ಕೆ ಮಿಲ್ಲಿನ ಮೀಟಿಂಗಿನಲ್ಲಿ ಓಟು ಇರೋದಿಲ್ಲ. ಉಳಿದ 70 ಓಟಿನಲ್ಲಿ ಮನೆಯವರದು 40, ಹೊರಗಿನವರದು 30. ಅಂದರೆ 70% ಇದ್ದ ಯಜಮಾನರ ಹಿಡಿತ ಸುಮಾರು 57%ಕ್ಕೆ ಇಳಿಯುತ್ತದೆ. ಗೋದಾಮನ್ನು ಗಟ್ಟಿ ಮಾಡಿಕೊಳ್ಳೋಕೆ ಹೋಗಿ ಮಿಲ್ಲಿನಲ್ಲಿ ಹಿಡಿತ ಸಡಿಲ ಆಗುತ್ತದೆ. ಮುಂದೆ ಮಿಲ್ಲಿನ ಹೊಸ ಶೇರನ್ನು ಗೋದಾಮು ಕೊಳ್ಳುವಂತೆಯೂ ಇಲ್ಲ. ಸ್ನೇಹಿತರ 10% ಮಾತ್ರ ಮಿಲ್ಲು ಕೊಂಡರೆ ಸರಿಯಾಗಿ 50 ಆಗುತ್ತದೆ. ಅದು ಅರ್ಧಕ್ಕಿಂತ ಜಾಸ್ತಿ ಅಲ್ಲ, ಆದರೂ ಬೋರ್ಡನ್ನು ಮಿಲ್ಲೇ ನೇಮಿಸುವ ಹಾಗಿದ್ದರೆ ಆ ದಾರಿಯಿಂದಲೂ ಸಬ್ಸಿಡಿಯರಿ ಆಗಬಹುದು. ಆ 10%ನ್ನು ಮಕ್ಕಳೇ ತಮ್ಮ ದುಡ್ಡಿನಲ್ಲಿ ಕೊಂಡರೆ ಈ ತೊಂದರೆ ಇಲ್ಲ.

ಹಳೇ ಮ್ಯಾನೇಜರ್

ನಾನು ಬ್ಯಾಂಕಿನಲ್ಲಿ ಇದ್ದು ನಿವೃತ್ತಿ ಆದವನು. ದಾವಣಗೆರೆಯಲ್ಲೇ ಆರು ವರ್ಷ ಸಾಲದ ಫೈಲು ನೋಡಿದ್ದೇನೆ. ನಿಮ್ಮ ಮೇಡಂ ಪೆನ್ಸಿಲ್ ಹಿಡಿದದ್ದು ಪರ್ಸೆಂಟೇಜಿಗೆ ಮಾತ್ರ ಅಲ್ಲ ಅನಿಸುತ್ತದೆ. ನೀವು ನೆಟ್‌ವರ್ತ್ ಹೇಗೆ ಬರೆದಿರಿ?

ಮಂಡಿಪೇಟೆ ಲೆಕ್ಕ

ಮಿಲ್ಲು 10 ಕೋಟಿ, ಗೋದಾಮು 5 ಕೋಟಿ, ಒಟ್ಟು 15 ಕೋಟಿ ಅಂತ ಬರೆದಿದ್ದೆ ಸರ್. ಎರಡೂ ಕಡೆ ಶೇರನ್ನು ಈಗಿನ ಬೆಲೆಗೆ ಹಿಡಿದಿದ್ದೆವು.

ಹಳೇ ಮ್ಯಾನೇಜರ್

ಅದೇ ನೋಡಿ. ಮಿಲ್ಲಿನ 10ರಲ್ಲಿ ಗೋದಾಮಿನ 40% ಇದೆ, ಅಂದರೆ 2 ಕೋಟಿ. ಗೋದಾಮಿನ 5ರಲ್ಲಿ ಮಿಲ್ಲಿನ 30% ಇದೆ, ಅದು 3 ಕೋಟಿ. ಕಾಗದದ ಮೇಲೆ ಕಾಗದ ಕೂತಿದೆ. ಅದನ್ನು ತೆಗೆದರೆ ಮಿಲ್ಲಿನ ಕಟ್ಟಡ, ಜಿನ್ನಿಂಗ್ ಮಶೀನು, ಹತ್ತಿ ದಾಸ್ತಾನು ಎಲ್ಲ ಸೇರಿ ಸಾಲ ಕಳೆದು ಉಳಿಯೋದು 8 ಕೋಟಿ. ಗೋದಾಮಿನದು 2 ಕೋಟಿ. ಒಟ್ಟು 10 ಕೋಟಿ. ನಾವು ಗುಂಪಿನ ಕಂಪನಿಗಳಲ್ಲಿ ಹಾಕಿದ ದುಡ್ಡನ್ನು ಕಳೆದೇ ನೆಟ್‌ವರ್ತ್ ನೋಡುತ್ತಿದ್ದೆವು. ನಿಮ್ಮ ಮೇಡಂ ಕೂಡ ಅದೇ ಮಾಡಿರುತ್ತಾರೆ.

ಜೋಗಿಮಟ್ಟಿ ಸರ್ ಲೆಕ್ಕವನ್ನೂ ಇದರಿಂದ ತಾಳೆ ನೋಡಬಹುದು. ಮಿಲ್ಲಿನ 8ರಲ್ಲಿ 62.5% ಅಂದರೆ 5 ಕೋಟಿ. ಗೋದಾಮಿನ 2ರಲ್ಲಿ 75% ಅಂದರೆ ಒಂದೂವರೆ. ಮನೆಯವರದು ಆರೂವರೆ ಕೋಟಿ. ಇನ್ನೊಂದು ದಾರಿಯಿಂದ ಬನ್ನಿ. 10 ಕೋಟಿಯ 40% ನಾಲ್ಕು, 5 ಕೋಟಿಯ 50% ಎರಡೂವರೆ. ಅದೂ ಆರೂವರೆಯೇ.

ಜೋಗಿಮಟ್ಟಿ

ಲೆಕ್ಕ ಸರಿ ಇದೆ ಸರ್. ಒಂದು ಮಾತು ಮಾತ್ರ. ಜಾಸ್ತಿ ಪ್ರೈವೇಟ್ ಕಂಪನಿಗಳ ಬ್ಯಾಲೆನ್ಸ್ ಶೀಟಿನಲ್ಲಿ ಈ ಶೇರುಗಳು ಹಳೇ ಖರೀದಿ ಬೆಲೆಯಲ್ಲೇ ಇರುತ್ತವೆ. ಆಗ ಪುಸ್ತಕದಲ್ಲಿ ಎಷ್ಟು ಸೇರಿದೆಯೋ ಅಷ್ಟನ್ನೇ ಕಳೆಯಬೇಕು. ಹಳೇ ಬೆಲೆಗೆ ಸೇರಿಸಿ ಹೊಸ ಬೆಲೆಗೆ ಕಳೆದರೆ ಕಂಪನಿಗೆ ಅನ್ಯಾಯ ಆಗುತ್ತದೆ.

ಹಳೇ ಮ್ಯಾನೇಜರ್

ನಾನು ಪೂರ್ತಿ ಒಪ್ಪೋದಿಲ್ಲ. ಹಳೇ ಬೆಲೆ ಕಳೆದುಬಿಟ್ಟರೆ ಗೋದಾಮಿಗೆ ನಷ್ಟ ಆದಾಗ ಮಿಲ್ಲಿಗೆ ಬೀಳುವ ಪೆಟ್ಟು ಕಾಣೋದಿಲ್ಲ. ನಾನು ಎರಡೂ ಬೆಲೆಯಲ್ಲಿ ಲೆಕ್ಕ ಕೇಳುತ್ತಿದ್ದೆ. ಅದು ಹಾಗಿರಲಿ, ಅಳಿಯನ ಕಂಪನಿ ಬಗ್ಗೆ ಯಾರೂ ಹೇಳಲಿಲ್ಲವಲ್ಲ.

ಬೆಣ್ಣೆನಗರಿ

ಅಳಿಯನ ಹೆಸರು ಬೇರೆ, ಊರು ಬೇರೆ, ನಮ್ಮ ಶೇರು ಒಂದೂ ಇಲ್ಲ. ಅದು ಗುಂಪಿಗೆ ಬರೋದಿಲ್ಲ ಅನ್ನೋದು ನನ್ನ ಅನಿಸಿಕೆ.

ಜೋಗಿಮಟ್ಟಿ

ಯಾವ ಕಾನೂನಿನ ಕಣ್ಣಿನಿಂದ ನೋಡ್ತೀರಿ ಅನ್ನೋದರ ಮೇಲೆ ಹೋಗುತ್ತದೆ. ಕಂಪನಿ ಕಾಯ್ದೆಯ ಪ್ರಕಾರ ಮಗಳ ಗಂಡ ರಿಲೇಟಿವ್, ಮಗನ ಹೆಂಡತಿಯೂ ರಿಲೇಟಿವ್. ಸೆಬಿಯ ಪ್ರಮೋಟರ್ ಗ್ರೂಪ್ ನಿಯಮ ಬೇರೆ. ಅಲ್ಲಿ ಗಂಡ ಹೆಂಡತಿ, ಇಬ್ಬರ ಕಡೆಯ ಅಪ್ಪ ಅಮ್ಮ, ಅಣ್ಣ ತಮ್ಮ, ಅಕ್ಕ ತಂಗಿ, ಮಕ್ಕಳು ಮಾತ್ರ. ಅಳಿಯ ಅದರಲ್ಲಿ ಇಲ್ಲ, ಸೊಸೆಯೂ ಇಲ್ಲ. ಆದರೆ ಮಗಳು ಇದ್ದಾಳೆ! ಅವಳದು 30%, ಅಲ್ಲಿನ ಗಡಿ 20%. ಹಾಗಾಗಿ ಅಳಿಯನಿಂದ ಬಾರದ ಕಂಪನಿ ಮಗಳಿಂದ ಒಳಗೆ ಬರುತ್ತದೆ. ನಿಮ್ಮ ಮಿಲ್ಲು ಲಿಸ್ಟ್ ಆಗಿಲ್ಲ, ಸೆಬಿ ನಿಯಮ ನಿಮಗೆ ತಾಗೋದಿಲ್ಲ. ಬ್ಯಾಂಕು ತನ್ನದೇ ರೀತಿಯಲ್ಲಿ ನೋಡುತ್ತದೆ. ಪೈಪ್ ಕಂಪನಿಗೂ ನಿಮಗೂ ವ್ಯವಹಾರ ಏನಾದರೂ ಇದೆಯಾ?

ಮಂಡಿಪೇಟೆ ಲೆಕ್ಕ

ಗೋದಾಮಿನ ಒಂದು ಶೆಡ್ ಅವರಿಗೆ ಬಾಡಿಗೆಗೆ ಕೊಟ್ಟಿದ್ದೇವೆ. ತಿಂಗಳಿಗೆ 40,000. ಎಂಟು ತಿಂಗಳಿಂದ ಬಾಡಿಗೆ ಬಂದಿಲ್ಲ, ಮನೆಯವರಲ್ವಾ ಅಂತ ಯಜಮಾನರು ಕೇಳಿಲ್ಲ.

ಹಳೇ ಮ್ಯಾನೇಜರ್

ಹಾಗಾದರೆ ಪಟ್ಟಿಗೆ ಹಾಕಿ. ಬಾಕಿ 3,20,000 ಆಯಿತು. ಅದನ್ನು ನೀವೇ ಬರೆದು ತೋರಿಸಿದರೆ ಒಂದು ಸಾಲು. ಮೇಡಂ ಕಂಡುಹಿಡಿದರೆ ಫೈಲೆಲ್ಲ ಅನುಮಾನದಿಂದ ನೋಡ್ತಾರೆ.

ಚಳ್ಳಕೆರೆ ಶೇಂಗಾ

ಆಫೀಸರ್ ಆಗಿದ್ದವರೇ ಹೀಗೆ ಹೇಳ್ತಿದ್ದೀರಿ, ಒಳ್ಳೇದಾಯಿತು. ಆವತ್ತು ನನಗೂ ಯಾರಾದರೂ ಹೀಗೆ ಬಿಡಿಸಿ ಹೇಳಿದ್ದರೆ ಎರಡನೇ ಲಾರಿ ಕಳಿಸುತ್ತಿರಲಿಲ್ಲ.

ಮಂಡಿಪೇಟೆ ಲೆಕ್ಕ

ಇವತ್ತು ಬೆಳಿಗ್ಗೆ ಜೋಗಿಮಟ್ಟಿ ಸರ್ ಹೇಳಿದ ಹಾಗೆ ಎರಡು ಹಾಳೆ ಇಟ್ಟುಕೊಂಡು ಕೂತೆ. ಮಿಲ್ಲಿನ ಮೆಂಬರ್ಸ್ ರಿಜಿಸ್ಟರ್ ಬೀರುವಿನ ಮೇಲಿನ ಅರೆಯಲ್ಲಿತ್ತು, ಕೆಂಪು ಬಟ್ಟೆಯ ಬೈಂಡು. ಮನೆಯವರ 40ನ್ನು ಒಂದೊಂದಾಗಿ ಕೂಡುತ್ತಾ ಬಂದೆ. ಯಜಮಾನರು 15, ಎಚ್‌ಯುಎಫ್ 10, ಅಮ್ಮನವರು 4, ಇಬ್ಬರು ಗಂಡುಮಕ್ಕಳು ತಲಾ 4. ಅಲ್ಲಿಗೆ 37. ಉಳಿದ 3 ಹುಡುಕಿದರೆ ಯಜಮಾನರ ತಂದೆಯವರ ಹೆಸರಿನಲ್ಲಿದೆ. ಅವರು ತೀರಿಕೊಂಡು ಒಂಬತ್ತು ವರ್ಷ ಆಯಿತು. ಹೆಸರು ಯಾರೂ ಬದಲಾಯಿಸಿಲ್ಲ. ನಾನೇ ಪ್ರತಿ ವರ್ಷ ಸುಮ್ನೆ 40 ಅಂತ ಬರೆದುಕೊಂಡು ಬಂದಿದ್ದೇನೆ.

ಜೋಗಿಮಟ್ಟಿ

ಸಿಕ್ಕಿದ್ದು ಒಳ್ಳೇದಾಯಿತು. ವಾರಸುದಾರರ ಹೆಸರು ರಿಜಿಸ್ಟರ್‌ಗೆ ಏರುವವರೆಗೆ ಆ 3ಕ್ಕೆ ಮೀಟಿಂಗಿನಲ್ಲಿ ಓಟು ಹಾಕೋಕೆ ಆಗೋದಿಲ್ಲ. ವಿಲ್ ಇತ್ತಾ? ಯಜಮಾನರ ಅಜ್ಜಿ, ತಾಯಿ ಇದ್ದಾರಾ? ಒಡಹುಟ್ಟಿದವರು ಎಷ್ಟು ಜನ?

ಮಂಡಿಪೇಟೆ ಲೆಕ್ಕ

ವಿಲ್ ಇಲ್ಲ ಸರ್. ಅಜ್ಜಿ, ತಾಯಿ ಇಬ್ಬರೂ ಮೊದಲೇ ಹೋದರು. ಯಜಮಾನರಿಗೆ ಇಬ್ಬರು ಅಕ್ಕಂದಿರು. ಒಬ್ಬರು ರಾಣೆಬೆನ್ನೂರು, ಒಬ್ಬರು ಹಿರಿಯೂರು.

ಜೋಗಿಮಟ್ಟಿ

ಹಾಗಾದರೆ ಆ 3ರಲ್ಲಿ ಅಕ್ಕಂದಿರಿಗೆ ತಲಾ 1, ಯಜಮಾನರಿಗೆ 1. ಅಕ್ಕಂದಿರನ್ನು ಮನೆಯವರು ಅಂತ ಎಣಿಸಬೇಕಾ ಬೇಡವಾ ಅಂತ ನಾನು ಇಲ್ಲಿ ಕೂತು ಹೇಳೋಕಾಗೋದಿಲ್ಲ. ಸೆಬಿ ಲೆಕ್ಕದಲ್ಲಿ ಅವರು ಒಳಗೆ. ಆದರೆ ಮೀಟಿಂಗಿನಲ್ಲಿ ಅವರು ಯಾರ ಕಡೆ ಕೈ ಎತ್ತುತ್ತಾರೆ ಅನ್ನೋದು ಅವರನ್ನೇ ಕೇಳಬೇಕು. ಸದ್ಯಕ್ಕೆ ಬ್ಯಾಂಕಿಗೆ 37 ಬರೆದು, 3ನ್ನು ವಾರಸಾ ಬಾಕಿ ಅಂತ ಬೇರೆ ಸಾಲಿನಲ್ಲಿ ತೋರಿಸಿ.

ಮಂಡಿಪೇಟೆ ಲೆಕ್ಕ

ಹಾಗೇ ಬರೆದಿದ್ದೇನೆ. ಮಂಡಿ ಬೇರೆ ಹಾಳೆ, ಪೈಪ್ ಕಂಪನಿ ಬಾಡಿಗೆ ಬಾಕಿ ಸಮೇತ ಬೇರೆ ಹಾಳೆ. ಸ್ನೇಹಿತರ 10%ನ್ನು ಮಿಲ್ಲಿನಿಂದ ಕೊಳ್ಳೋದು ಸದ್ಯಕ್ಕೆ ನಿಂತಿದೆ. ರಿಜಿಸ್ಟರ್ ತೋರಿಸಿದಾಗ ಯಜಮಾನರು ತಂದೆಯವರ ಹೆಸರಿನ ಮೇಲೆ ಬೆರಳಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತರು. ಆಮೇಲೆ ಹಿರಿಯೂರಿನ ಅಕ್ಕನಿಗೆ ಫೋನ್ ಹಚ್ಚಿ, ಭಾನುವಾರ ಊಟಕ್ಕೆ ಬಾ, ಒಂದು ಕಾಗದ ತೋರಿಸಬೇಕು ಅಂದರು. ರಾಣೆಬೆನ್ನೂರಿನವರು ಇನ್ನೂ ಫೋನ್ ಎತ್ತಿಲ್ಲ.